ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೀರಿಂಗ್ ನಡುಗುತ್ತಿದೆಯೇ? ರನ್‌ಔಟ್ ಪರೀಕ್ಷಿಸಿ

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು 80 ಕಿ.ಮೀ. ದಾಟಿದ ಕೂಡಲೇ ಸ್ಟೀರಿಂಗ್ ಸಣ್ಣಗೆ ನಡುಗುತ್ತದೆ. ಟೈರ್ ಅಂಗಡಿಗೆ ಹೋಗಿ ವೀಲ್ ಬ್ಯಾಲೆನ್ಸಿಂಗ್ ಮಾಡಿಸುತ್ತೀರಿ, ಮೆಷಿನ್ ಎರಡೂ ಬದಿಗೆ ಸೊನ್ನೆ ತೋರಿಸುತ್ತದೆ. ಮರುದಿನ ಅದೇ ರಸ್ತೆ, ಅದೇ ನಡುಕ. ಮತ್ತೆ ಹೋದರೆ ಅಂಗಡಿಯವರು ಮತ್ತೊಮ್ಮೆ ಸೊನ್ನೆ ತೋರಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಆ ಮೆಷಿನ್‌ಗೆ ತಿಳಿಯುವುದೇ ಅಷ್ಟು.

ಸಾಮಾನ್ಯ ಬ್ಯಾಲೆನ್ಸಿಂಗ್ ಮೆಷಿನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿ, ಯಾವ ಕಡೆ ತೂಕ ಹೆಚ್ಚಿದೆ ಎಂದಷ್ಟೇ ಅಳೆಯುತ್ತದೆ. ಚಕ್ರ ಗುಂಡಗಿದೆಯೇ ಎಂದು ಅದು ನೋಡುವುದಿಲ್ಲ. ಮೊಟ್ಟೆಯಾಕಾರದ ಚಕ್ರಕ್ಕೂ ಸರಿಯಾದ ಜಾಗದಲ್ಲಿ ತೂಕ ಅಂಟಿಸಿದರೆ ಮೆಷಿನ್ ಸೊನ್ನೆಯನ್ನೇ ತೋರಿಸುತ್ತದೆ! ಆದರೆ ರಸ್ತೆಯ ಮೇಲೆ ಅದು ಸುತ್ತಿಗೊಮ್ಮೆ ಕಾರನ್ನು ಎತ್ತಿ ಇಳಿಸುತ್ತದೆ.

ಚಕ್ರದ ಮಧ್ಯದಿಂದ ಅಂಚಿನವರೆಗಿನ ದೂರ ಒಂದು ಸುತ್ತಿನಲ್ಲಿ ಎಷ್ಟು ಹೆಚ್ಚು ಕಡಿಮೆಯಾಗುತ್ತದೆ ಎಂಬುದೇ ರೇಡಿಯಲ್ ರನ್‌ಔಟ್. ಒಂದು ಮಿಲಿಮೀಟರ್ ಎಂದರೆ ಏನು ಮಹಾ ಎನಿಸಬಹುದು. ಸಣ್ಣ ಲೆಕ್ಕ ಮಾಡೋಣ. 205/55 ಆರ್16 ಟೈರ್‌ನ ಸುತ್ತಳತೆ ಸುಮಾರು 2 ಮೀಟರ್. 90 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 12-13 ಸುತ್ತು ಹಾಕುತ್ತದೆ. ಆ ವೇಗದಲ್ಲಿ ರಿಮ್ ಅಂಚಿನಲ್ಲಿ 10 ಗ್ರಾಂ ತೂಕ ಹೆಚ್ಚಿದ್ದರೆ ಹುಟ್ಟುವ ಎಳೆತ ಒಂದೂಕಾಲು ಕೆ.ಜಿ.ಯಷ್ಟು. ಇನ್ನು ಕಾರಿನ ಟೈರನ್ನು ಒಂದು ಮಿ.ಮೀ. ಒತ್ತಲು ಅಂದಾಜು 20 ಕೆ.ಜಿ. ಬಲ ಬೇಕು. ಅಂದರೆ ಒಂದು ಮಿ.ಮೀ. ರನ್‌ಔಟ್ ಇದ್ದರೆ ರಸ್ತೆ ಮತ್ತು ಟೈರ್ ನಡುವಿನ ಬಲ ಪ್ರತಿ ಸುತ್ತಿನಲ್ಲೂ ಅಷ್ಟು ಏರಿಳಿಯುತ್ತದೆ. ಇದರ ಮುಂದೆ ಹತ್ತು ಗ್ರಾಂ ತೂಕ ಯಾವ ಲೆಕ್ಕ?

ರನ್‌ಔಟ್ ಅಳೆಯಲು ದೊಡ್ಡ ಮೆಷಿನ್ ಬೇಕಿಲ್ಲ. ಕಾರನ್ನು ಜ್ಯಾಕ್ ಮೇಲೆ ಭದ್ರವಾಗಿ ನಿಲ್ಲಿಸಿ, ಟೈರ್‌ನ ಮಧ್ಯದ ಪಟ್ಟಿಗೆ ಡಯಲ್ ಗೇಜ್ ತಾಗಿಸಿ, ಚಕ್ರವನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ ಸಾಕು. ಒಂದೂಕಾಲು ಮಿ.ಮೀ. ದಾಟಿದರೆ ಅನುಮಾನ ಪಡಬೇಕು. ಆಗ ರಿಮ್‌ನಲ್ಲಿ ಟೈರ್ ಕೂರುವ ಅಂಚನ್ನೂ ಪ್ರತ್ಯೇಕವಾಗಿ ಅಳೆಯಬೇಕು. ನಮ್ಮ ಗುಂಡಿಗಳಲ್ಲಿ ಬಿದ್ದ ಅಲಾಯ್ ವೀಲ್ ಒಳಬದಿಯಲ್ಲಿ ಬಾಗಿರುವುದು ಹೊರಗಿನಿಂದ ಕಾಣುವುದೇ ಇಲ್ಲ. ಎರಡು ವಾರ ನಿಂತಿದ್ದ ಕಾರಾದರೆ ಅಳೆಯುವ ಮೊದಲು 15-20 ಕಿ.ಮೀ. ಓಡಿಸಿ. ನಿಂತಲ್ಲೇ ಚಪ್ಪಟೆಯಾದ ಟೈರ್ ಬಿಸಿಯಾದರೆ ಸಾಮಾನ್ಯವಾಗಿ ಮತ್ತೆ ಗುಂಡಗಾಗುತ್ತದೆ.

ಡಯಲ್ ಗೇಜ್‌ಗೂ ಒಂದು ಮಿತಿಯಿದೆ. ಟೈರ್ ನೋಡಲು ಗುಂಡಗಿದ್ದರೂ ಒಳಗಿನ ಪದರಗಳು ಜೋಡಿಸಿದ ಕಡೆ ಗಟ್ಟಿಯಾಗಿ, ಉಳಿದೆಡೆ ಮೆತ್ತಗಿರಬಹುದು. ಭಾರ ಬಿದ್ದಾಗ ಮಾತ್ರ ಇದು ತಿಳಿಯುತ್ತದೆ. ಅಮೆರಿಕದ ಹಂಟರ್ ಎಂಜಿನಿಯರಿಂಗ್ ಕಂಪನಿ ಜನಪ್ರಿಯಗೊಳಿಸಿದ ರೋಡ್ ಫೋರ್ಸ್ ಬ್ಯಾಲೆನ್ಸಿಂಗ್ ಇರುವುದು ಇದಕ್ಕಾಗಿಯೇ. ಈ ಮೆಷಿನ್‌ನಲ್ಲಿ ದೊಡ್ಡ ರೋಲರ್ ಒಂದು ತಿರುಗುವ ಟೈರನ್ನು ನೂರಾರು ಕೆ.ಜಿ. ಭಾರದಿಂದ ಒತ್ತಿ, ಬಲದ ಏರಿಳಿತವನ್ನು ಅಳೆಯುತ್ತದೆ. ರಿಮ್‌ನ ರನ್‌ಔಟನ್ನೂ ಅಳೆದು, ದೋಷದಲ್ಲಿ ಟೈರ್‌ನ ಪಾಲೆಷ್ಟು, ರಿಮ್‌ನ ಪಾಲೆಷ್ಟು ಎಂದು ಬೇರ್ಪಡಿಸುತ್ತದೆ.

ಉದಾಹರಣೆಗೆ, ಒಂದು ಚಕ್ರದಲ್ಲಿ ಏರಿಳಿತ 20 ಕೆ.ಜಿ. ಬಂತು ಎಂದುಕೊಳ್ಳಿ. ಸಾಮಾನ್ಯ ಕಾರುಗಳಿಗೆ 12 ಕೆ.ಜಿ. ಆಸುಪಾಸು ಮಿತಿ ಎನ್ನುತ್ತಾರೆ, ಕಾರಿನಿಂದ ಕಾರಿಗೆ ಇದು ಬದಲಾಗುತ್ತದೆ. ರಿಮ್‌ನಲ್ಲಿ 0.4 ಮಿ.ಮೀ. ರನ್‌ಔಟ್ ಇದ್ದು ಅದರ ಪಾಲು 8 ಕೆ.ಜಿ., ಉಳಿದ 12 ಟೈರ್‌ನದು. ಎರಡರ ಉಬ್ಬುಗಳೂ ಒಂದೇ ಕಡೆ ಕೂತಿದ್ದರಿಂದ ಕೂಡಿ 20 ಆಗಿದೆ. ಟೈರ್‌ನ ಗಾಳಿ ತೆಗೆದು, ಸೋಪು ನೀರು ಹಚ್ಚಿ, ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಟೈರ್‌ನ ಉಬ್ಬು ರಿಮ್‌ನ ತಗ್ಗಿಗೆ ಬರುತ್ತದೆ. ಆಗ ಉಳಿಯುವುದು 4 ಕೆ.ಜಿ. ಮಾತ್ರ. ಹೊಸ ಬಿಡಿಭಾಗ ಒಂದೂ ಬೇಕಿಲ್ಲ. ಇದಾದ ಮೇಲೆ ತೂಕದ ಬ್ಯಾಲೆನ್ಸಿಂಗ್ ಹೊಸದಾಗಿ ಮಾಡಲೇಬೇಕು. ಆದರೆ ಟೈರ್ ಒಂದರ ಪಾಲೇ 25 ಕೆ.ಜಿ. ಇದ್ದರೆ ಈ ರಿಮ್‌ನಿಂದ ಅದನ್ನು ಸರಿದೂಗಿಸಲಾಗದು, ಟೈರ್ ಬದಲಿಸಬೇಕು.

ಹಣ ಕೊಡುವ ಮೊದಲು ಪುಕ್ಕಟೆಯ ಪರೀಕ್ಷೆಯೊಂದಿದೆ. ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ ತೊಂದರೆ ಇರುವುದು ಚಕ್ರದಲ್ಲೇ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ. ಹೊರಗಿನಿಂದ ತಂದ ಅಲಾಯ್ ಹಾಕಿಸಿದ್ದರೆ, ಅದರ ನಡುವಿನ ರಂಧ್ರ ಹಬ್‌ಗೆ ಸರಿಯಾಗಿ ಕೂತಿದೆಯೇ ಎಂದು ಕೇಳಿ. ರಂಧ್ರ ದೊಡ್ಡದಿದ್ದು ಹಬ್ ರಿಂಗ್ ಹಾಕದಿದ್ದರೆ, ಮೆಷಿನ್ ಮೇಲೆ ನೆಟ್ಟಗೆ ತಿರುಗುವ ಚಕ್ರ ಕಾರಿಗೆ ಹಾಕಿದಾಗ ಸರಿಯಾಗಿ ಮಧ್ಯಕ್ಕೆ ಕೂರದಿರಬಹುದು.