ಬ್ರಿಟನ್‌ನಲ್ಲಿ ಬೆಟ್ಟಿಂಗ್ ಖಾತೆಗೆ ಬೀಗ ಹಾಕೋದು ಹೇಗೆ? ಡೆಪಾಸಿಟ್ ಲಿಮಿಟ್‌ನಿಂದ ಟೈಮ್ ಔಟ್‌ವರೆಗೆ ಪೂರ್ತಿ ಮಾಹಿತಿ

ಓದಲು, ಕೆಲಸಕ್ಕೆ ಅಂತ ನಮ್ಮ ತಾಲ್ಲೂಕುಗಳಿಂದಲೂ ಹುಡುಗರು ಲಂಡನ್, ಬರ್ಮಿಂಗ್‌ಹ್ಯಾಮ್ ಕಡೆ ಹೋಗಿದ್ದಾರೆ. ನಮ್ಮ ದೇಶದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಆದರೆ ಬ್ರಿಟನ್‌ನಲ್ಲಿ ಲೈಸೆನ್ಸ್ ಇರುವ ಕಂಪನಿಗಳ ಬೆಟ್ಟಿಂಗ್, ಸ್ಲಾಟ್ ಆಟಗಳು ಕಾನೂನುಬದ್ಧ. ಅಲ್ಲಿ 18 ತುಂಬಿದವರು ಮೊಬೈಲ್‌ನಲ್ಲೇ ಖಾತೆ ತೆರೆಯಬಹುದು.

ಅದೇ ಕಾನೂನು ಆಟಗಾರನ ಕೈಗೆ ಕೆಲವು ಬೀಗಗಳನ್ನೂ ಕೊಟ್ಟಿದೆ. ಅಲ್ಲಿನ ಗ್ಯಾಂಬ್ಲಿಂಗ್ ಕಮಿಷನ್ ನಿಯಮದಂತೆ ಲೈಸೆನ್ಸ್ ಪಡೆದ ಪ್ರತಿ ಆನ್‌ಲೈನ್ ಕಂಪನಿಯೂ ಇವನ್ನು ಖಾತೆಯಲ್ಲಿ ಇಡಲೇಬೇಕು. 2025ರ ಅಕ್ಟೋಬರ್ 31ರಿಂದ ಮೊದಲ ಸಲ ಹಣ ಹಾಕುವ ಮುಂಚೆಯೇ 'ಮಿತಿ ಹಾಕ್ಕೊಳ್ತೀರಾ?' ಎಂದು ಕಂಪನಿಯೇ ಕೇಳಬೇಕು. ಸಾಮಾನ್ಯವಾಗಿ ಇವು ಖಾತೆಯ Safer Gambling ವಿಭಾಗದಲ್ಲಿ ಸಿಗುತ್ತವೆ.

ಡೆಪಾಸಿಟ್ ಲಿಮಿಟ್, ಲಾಸ್ ಲಿಮಿಟ್: ಎರಡೂ ಒಂದೇ ಅಲ್ಲ

ಡೆಪಾಸಿಟ್ ಲಿಮಿಟ್ ಅಂದರೆ ಬ್ಯಾಂಕ್‌ನಿಂದ ಆಟದ ಖಾತೆಗೆ ಎಷ್ಟು ಹಣ ಹೋಗಬಹುದು ಅನ್ನೋ ಮಿತಿ. ಲಾಸ್ ಲಿಮಿಟ್ ಅಂದರೆ ಆಟದಲ್ಲಿ ಎಷ್ಟು ಕಳೆದುಕೊಳ್ಳಬಹುದು ಅನ್ನೋ ಮಿತಿ. ಎರಡನ್ನೂ ದಿನ, ವಾರ ಅಥವಾ ತಿಂಗಳ ಲೆಕ್ಕದಲ್ಲಿ ಹಾಕಬಹುದು.

ಒಬ್ಬ ವಿದ್ಯಾರ್ಥಿ ವಾರಕ್ಕೆ 40 ಪೌಂಡ್ ಡೆಪಾಸಿಟ್ ಲಿಮಿಟ್ ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ಹಿಂದೆ ಗೆದ್ದ 200 ಪೌಂಡ್ ಅವನ ಆಟದ ಖಾತೆಯಲ್ಲೇ ಉಳಿದಿದೆ. ಶುಕ್ರವಾರ ರಾತ್ರಿ ಕೂತು ಆ 200 ಪೂರ್ತಿ ಕಳೆದ. ಡೆಪಾಸಿಟ್ ಲಿಮಿಟ್ ಅವನನ್ನು ತಡೆಯಲಿಲ್ಲ, ಯಾಕೆಂದ್ರೆ ಹೊಸದಾಗಿ ಒಂದು ಪೌಂಡ್ ಕೂಡ ಒಳಗೆ ಬಂದಿಲ್ಲ. ಅದೇ ಜಾಗದಲ್ಲಿ 40 ಪೌಂಡ್ ಲಾಸ್ ಲಿಮಿಟ್ ಇದ್ದಿದ್ದರೆ, 40 ಹೋದ ತಕ್ಷಣ ಆಟ ನಿಂತು 160 ಉಳಿಯುತ್ತಿತ್ತು.

ಲಾಸ್ ಲಿಮಿಟ್‌ಗೂ ಒಂದು ಮಿತಿ ಇದೆ. ಅದು ಸಾಮಾನ್ಯವಾಗಿ ಗೆಲುವನ್ನು ಕಳೆದು ಉಳಿದ ನಷ್ಟವನ್ನು ಮಾತ್ರ ಎಣಿಸುತ್ತೆ. ಅದೇ ಹುಡುಗ ಈ ವಾರ ಮೊದಲು 80 ಗೆದ್ದ, ಆಮೇಲೆ 120 ಸೋತ ಅಂದ್ರೆ ಲೆಕ್ಕಕ್ಕೆ ನಷ್ಟ 40 ಮಾತ್ರ. ಗೆದ್ದ 80 ಕೈಗೆ ಬರಲೇ ಇಲ್ಲ. ಹಾಗಾಗಿ ಗೆದ್ದ ದುಡ್ಡನ್ನು ಬ್ಯಾಂಕ್‌ಗೆ ವಾಪಸ್ ಹಾಕಿಕೊಳ್ಳದೆ ಇದ್ದರೆ ಅದನ್ನು ಯಾವ ಲಿಮಿಟ್ಟೂ ಪೂರ್ತಿ ಕಾಯಲ್ಲ.

ಇನ್ನೊಂದು ಗೊಂದಲ ವಾಪಸ್ ಪಡೆದ ಹಣದ್ದು. 40 ಹಾಕಿ, 30 ವಾಪಸ್ ತೆಗೆದರೆ ಮತ್ತೆ 30 ಹಾಕಬಹುದಾ? ಕೆಲವು ಕಂಪನಿಗಳು ತೆಗೆದ ಹಣವನ್ನು ಕಳೆದು ಲೆಕ್ಕ ಹಾಕುತ್ತಿದ್ದವು, ಕೆಲವು ಹಾಕುತ್ತಿರಲಿಲ್ಲ. ಇದನ್ನು ಸರಿಪಡಿಸಲು ಕಮಿಷನ್ ಮಾಡಿದ ನಿಯಮ 2026ರ ಜೂನ್ 30ರಿಂದ ಅನ್ವಯ. ಅದರಂತೆ 'ಡೆಪಾಸಿಟ್ ಲಿಮಿಟ್' ಎಂಬ ಹೆಸರು ಒಳಗೆ ಹಾಕಿದ ಒಟ್ಟು ಹಣಕ್ಕೆ ಮಾತ್ರ. 40 ಹಾಕಿದ ಮೇಲೆ ಆ ವಾರ ಮುಗೀತು, ಎಷ್ಟು ತೆಗೆದರೂ ಸರಿ.

ಇಳಿಸೋದು ಈಗಲೇ, ಏರಿಸೋದು ನಾಳೆ

ಈ ಬೀಗಗಳ ನಿಜವಾದ ಬಲ ಇರೋದು ಇಲ್ಲಿ. ಮಿತಿ ಕಡಿಮೆ ಮಾಡಿ ಎಂದರೆ ಕಂಪನಿ ತಡಮಾಡದೆ ಜಾರಿ ಮಾಡಬೇಕು. ಜಾಸ್ತಿ ಮಾಡಿ ಎಂದರೆ ಕನಿಷ್ಠ 24 ಗಂಟೆ ಕಾಯಿಸಬೇಕು. ಇದಕ್ಕೇ ಕೂಲಿಂಗ್ ಆಫ್ ಅಂತಾರೆ, ಅಂದರೆ ತಲೆ ತಣ್ಣಗಾಗಲು ಕೊಡುವ ಸಮಯ.

ನಮ್ಮ ಹುಡುಗ ಶನಿವಾರ ರಾತ್ರಿ 10ಕ್ಕೆ 40 ಪೌಂಡ್ ಕಳೆದುಕೊಂಡು, ಕಳೆದದ್ದನ್ನು ವಾಪಸ್ ಗೆಲ್ಲಬೇಕು ಅಂತ ಲಿಮಿಟ್ 200ಕ್ಕೆ ಏರಿಸಲು ಕೇಳಿದ. ಭಾನುವಾರ ರಾತ್ರಿ 10ರವರೆಗೆ ಏನೂ ಆಗಲ್ಲ. ಆಮೇಲೂ ತಾನಾಗಿ 200 ಆಗಲ್ಲ, ಅವನೇ ಮತ್ತೆ ಖಾತೆಗೆ ಬಂದು 'ಹೌದು, ಏರಿಸಿ' ಎಂದು ಒಪ್ಪಬೇಕು. ಒಪ್ಪದಿದ್ದರೆ ಹಳೇ 40 ಹಾಗೇ ಮುಂದುವರಿಯುತ್ತೆ. ಸೋತ ಸಿಟ್ಟಲ್ಲಿ ಕೇಳಿದವನು, ಒಂದು ರಾತ್ರಿ ಮಲಗಿ ಎದ್ದ ಮೇಲೂ ಅದನ್ನೇ ಕೇಳ್ತಾನಾ ಅನ್ನೋದೇ ಇಲ್ಲಿನ ಪರೀಕ್ಷೆ. ಕೇಳಿದ ತಕ್ಷಣ ಲಿಮಿಟ್ ಏರಿತು ಅಂದ್ರೆ ಆ ಸೈಟ್‌ಗೆ ಬ್ರಿಟನ್ ಲೈಸೆನ್ಸ್ ಇದೆಯಾ ಅಂತ ಅನುಮಾನ ಪಡಬೇಕು.

ಸಮಯದ ನೆನಪು

ಆಡುತ್ತಾ ಕೂತವರಿಗೆ ಹೊತ್ತು ಹೋಗಿದ್ದು ಗೊತ್ತಾಗಲ್ಲ. ಅದಕ್ಕೆ 'ರಿಯಾಲಿಟಿ ಚೆಕ್' ಅನ್ನೋ ಸೂಚನೆ ಇದೆ. 30 ನಿಮಿಷ ಎಂದು ಹಾಕಿದರೆ, 30 ನಿಮಿಷಕ್ಕೊಮ್ಮೆ ಎಷ್ಟು ಹೊತ್ತಾಯಿತು ಎಂದು ಪರದೆ ಮೇಲೆ ಬರುತ್ತೆ. ಅದನ್ನು ನೋಡಿ ಒತ್ತಿದರಷ್ಟೇ ಹೋಗುತ್ತೆ. ಸ್ಲಾಟ್ ಆಟಗಳಲ್ಲಂತೂ ಆಡಿದ ಸಮಯ, ಆದ ನಿವ್ವಳ ನಷ್ಟ ಎರಡೂ 2021ರ ಅಕ್ಟೋಬರ್‌ನಿಂದ ಕಾಣುವಂತೆ ಇರಲೇಬೇಕು. ಆದರೆ ಇದು ನೆನಪಿಸುತ್ತೆ ಅಷ್ಟೇ, ನಿಲ್ಲಿಸಲ್ಲ. ಸೂಚನೆ ಬಂದಾಗಲೆಲ್ಲ ನೋಡದೇ ಒತ್ತಿ ಮುಂದೆ ಹೋಗೋ ಅಭ್ಯಾಸ ಆಗಿದ್ದರೆ, ಮುಂದಿನ ಬೀಗದ ಕಾಲ ಬಂತು ಅಂತ ಅರ್ಥ.

ಟೈಮ್ ಔಟ್ ಮತ್ತು ಪೂರ್ತಿ ನಿಷೇಧ

ಟೈಮ್ ಔಟ್ ಅಂದರೆ ಸಣ್ಣ ರಜೆ. 24 ಗಂಟೆ, ಒಂದು ವಾರ, ಒಂದು ತಿಂಗಳು, ಹೆಚ್ಚೆಂದರೆ 6 ವಾರ. ಈ ಅವಧಿಯಲ್ಲಿ ಆಡಲು ಆಗಲ್ಲ. ಅವಧಿ ಮುಗಿದ ಮೇಲೆ ಖಾತೆ ಸಾಮಾನ್ಯವಾಗಿ ತಾನಾಗಿ ತೆರೆದುಕೊಳ್ಳುತ್ತೆ. ಸಂಬಳದ ವಾರ, ದೊಡ್ಡ ಪಂದ್ಯದ ವಾರ ಕೈ ತಡೆಯಲ್ಲ ಅನ್ನೋರಿಗೆ ಇದು ಸರಿ.

ನಿಲ್ಲಿಸಲೇಬೇಕು ಅನ್ನೋರಿಗೆ ಇರೋದು ಸೆಲ್ಫ್ ಎಕ್ಸ್‌ಕ್ಲೂಷನ್, ಅಂದರೆ ತನಗೆ ತಾನೇ ಹಾಕಿಕೊಳ್ಳುವ ನಿಷೇಧ. ಕನಿಷ್ಠ 6 ತಿಂಗಳು. ಖಾತೆ ಮುಚ್ಚಿ, ಉಳಿದ ಹಣವನ್ನು ಕಂಪನಿ ವಾಪಸ್ ಕೊಡಬೇಕು.

ಎಲ್ಲಿ ಸೋರುತ್ತೆ?

ಲಿಮಿಟ್ ಇರೋದು ಆಯಾ ಕಂಪನಿಯ ಖಾತೆಗೆ. ಐದು ಆ್ಯಪ್‌ಗಳಲ್ಲಿ 40ರಂತೆ ಹಾಕಿದರೆ ವಾರಕ್ಕೆ 200 ಹೋಗುತ್ತೆ, ಒಂದು ಆ್ಯಪ್‌ಗೆ ಇನ್ನೊಂದರ ಲೆಕ್ಕ ಗೊತ್ತಿರಲ್ಲ. ಜರ್ಮನಿಯಲ್ಲಿ ಎಲ್ಲ ಕಂಪನಿಗಳಿಗೂ ಸೇರಿ ತಿಂಗಳಿಗೆ 1000 ಯೂರೋ ಅನ್ನೋ ಒಂದೇ ಸಾಮಾನ್ಯ ಮಿತಿ ಇದೆ. ಬ್ರಿಟನ್‌ನಲ್ಲಿ ಹಾಗಿಲ್ಲ.

ಆದರೆ ನಿಷೇಧವನ್ನು ಮಾತ್ರ ಎಲ್ಲ ಕಡೆಗೂ ಒಟ್ಟಿಗೇ ಹಾಕಬಹುದು. ಗ್ಯಾಮ್‌ಸ್ಟಾಪ್ ಎಂಬ ಉಚಿತ ಸೇವೆಯಲ್ಲಿ ಒಮ್ಮೆ ಹೆಸರು ಕೊಟ್ಟರೆ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ಬಾಗಿಲು ಹಾಕುತ್ತವೆ. 6 ತಿಂಗಳು, 1 ವರ್ಷ ಅಥವಾ 5 ವರ್ಷ ಆರಿಸಬಹುದು. ನಡುವೆ ರದ್ದು ಮಾಡಿ ಎಂದರೆ ಆಗಲ್ಲ. ಅವಧಿ ಮುಗಿದರೂ ತಾನಾಗಿ ತೆರೆಯಲ್ಲ. ಬಳಸುವ ಎಲ್ಲ ಇಮೇಲ್, ಫೋನ್ ನಂಬರ್, ಹಳೇ ವಿಳಾಸಗಳನ್ನೂ ಕೊಡಬೇಕು. ಒಂದು ಬಿಟ್ಟರೂ ಅದರ ಮೂಲಕ ಮತ್ತೆ ಒಳಗೆ ಹೋಗೋ ದಾರಿ ಉಳಿಯುತ್ತೆ.

ಲೈಸೆನ್ಸ್ ಇಲ್ಲದ ವಿದೇಶಿ ಸೈಟ್‌ಗಳಿಗೆ ಇದ್ಯಾವುದೂ ಅನ್ವಯ ಆಗಲ್ಲ. ಊರಲ್ಲಿ ಟೆಲಿಗ್ರಾಂ, ವಾಟ್ಸಾಪ್ ಲಿಂಕ್‌ನಲ್ಲಿ ಬರುವ ಆ್ಯಪ್‌ಗಳಲ್ಲೂ 'ಲಿಮಿಟ್' ಬಟನ್ ಕಾಣಬಹುದು. ಅದನ್ನು ಪಾಲಿಸುವಂತೆ ಮಾಡುವ ಕಾನೂನು ಅದರ ಹಿಂದೆ ಇಲ್ಲ.

ಸಹಾಯ ಬೇಕಿದ್ದರೆ

ಬ್ರಿಟನ್‌ನಲ್ಲಿರುವವರು ಜೂಜಿನ ಸಹಾಯವಾಣಿ 0808 8020 133ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇಲ್ಲಿರುವ ಮನೆಯವರು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.