ಕೂದಲಿನ ದಪ್ಪವನ್ನು ಅಳೆದ ಹಳದಿ ಬೆಳಕು

ಎರಡು ಗಾಜುಗಳನ್ನು ಒತ್ತಿ ಹಿಡಿದರೆ ನಡುವಿನ ತೆಳುಗಾಳಿಯಲ್ಲಿ ಬಣ್ಣಗಳು ಮೂಡುವುದನ್ನು ರಾಬರ್ಟ್ ಹುಕ್ 1665ರಲ್ಲೇ ಬರೆದಿದ್ದನು. ನ್ಯೂಟನ್ ಅವುಗಳನ್ನು ಉಂಗುರಗಳ ರೂಪದಲ್ಲಿ ಬಹಳ ಎಚ್ಚರದಿಂದ ಅಳೆದನು. ಆದರೆ ಅವು ಬೆಳಕಿನ ಅಲೆಗಳ ಕೂಡುವಿಕೆ-ಕಳೆಯುವಿಕೆಯಿಂದ ಆಗುತ್ತವೆಂದು ತೋರಿಸಿದವನು ಥಾಮಸ್ ಯಂಗ್, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ.

ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುವಾಗ ಇದೇ ಪ್ರಯೋಗವನ್ನು ನಾವು 'ಏರ್ ವೆಡ್ಜ್' ಎಂಬ ಹೆಸರಿನಲ್ಲಿ ಮಾಡಿದೆವು. ಎರಡು ಗಾಜಿನ ಫಲಕಗಳ ಒಂದು ಅಂಚು ಒಂದನ್ನೊಂದು ಮುಟ್ಟಿರಬೇಕು. ಇನ್ನೊಂದು ತುದಿಯಲ್ಲಿ, ಆ ಅಂಚಿಗೆ ಸಮಾನಾಂತರವಾಗಿ, ಒಂದು ಕೂದಲನ್ನು ಇಡಬೇಕು. ಸೋಡಿಯಂ ದೀಪದ ಹಳದಿ ಬೆಳಕನ್ನು 45 ಡಿಗ್ರಿ ಓರೆಯ ಗಾಜಿನಿಂದ ಕೆಳಗಿಳಿಸಿ, ಚಲಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು-ಹಳದಿ ಗೆರೆಗಳ ಸಾಲು ಕಾಣುತ್ತದೆ. ಒಂದು ಕಪ್ಪು ಗೆರೆಯಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಗಾಳಿಯ ಪದರ ಅರ್ಧ ತರಂಗದೂರದಷ್ಟು ದಪ್ಪವಾಗಿರುತ್ತದೆ.

ನನ್ನ ಶಿಷ್ಯರಿಗಾಗಿ ಒಂದು ಲೆಕ್ಕ. ಮುಟ್ಟಿದ ಅಂಚಿನಿಂದ ಕೂದಲಿಗೆ 50 ಮಿ.ಮೀ. ದೂರ, 20 ಗೆರೆಗಳ ಅಂತರ 4.2 ಮಿ.ಮೀ., ಅಂದರೆ ಒಂದಕ್ಕೆ 0.21. ಬೆಳಕಿನ ತರಂಗದೂರ 0.0005893 ಮಿ.ಮೀ.

t = λL/2β

ಉತ್ತರ ಸುಮಾರು 0.07 ಮಿ.ಮೀ. ಒಂದೊಂದೇ ಗೆರೆಯನ್ನು ಅಳೆಯದೆ ಇಪ್ಪತ್ತನ್ನು ಒಟ್ಟಿಗೆ ಅಳೆಯುವುದು ಕಣ್ಣಿನ ತಪ್ಪನ್ನು ಇಪ್ಪತ್ತು ಪಾಲು ಹಂಚುವ ಉಪಾಯ.

ಮುಟ್ಟಿದ ಅಂಚಿನಲ್ಲಿ ಗಾಳಿಯೇ ಇಲ್ಲ, ಆದ್ದರಿಂದ ಅಲ್ಲಿ ಬೆಳಕು ಇರಬೇಕಲ್ಲವೇ? ಆದರೆ ಅಲ್ಲಿ ಕಪ್ಪು ಇರುತ್ತದೆ. ಗಾಳಿಯಿಂದ ಗಾಜಿಗೆ ತಾಕಿ ಮರಳುವ ಅಲೆ ಅರ್ಧ ತರಂಗದಷ್ಟು ತಿರುವುಮುರುವಾಗುವುದೇ ಕಾರಣ. ಯಂಗ್ ಇದನ್ನು ಸೊಗಸಾಗಿ ಪರೀಕ್ಷಿಸಿದನು: ಎರಡು ಬೇರೆ ಬಗೆಯ ಗಾಜುಗಳ ನಡುವೆ, ವಕ್ರೀಭವನದಲ್ಲಿ ಅವೆರಡಕ್ಕೂ ಮಧ್ಯದ ಸಾಸಫ್ರಾಸ್ ಎಣ್ಣೆಯನ್ನು ತುಂಬಿದಾಗ ನಡುವಿನ ಕಪ್ಪು ಚುಕ್ಕೆ ಬಿಳಿಯಾಯಿತು! ಯಂಗ್‌ನ ಈ ಎಣ್ಣೆಯ ಪರೀಕ್ಷೆ ನನಗೆ ಇಂದಿಗೂ ಅಚ್ಚುಮೆಚ್ಚು.

ಅಂಚಿನ ಕಪ್ಪು ನಮಗೊಂದು ಕಾವಲುಗಾರ. ಅದು ಸ್ಪಷ್ಟವಾಗಿ ಕಾಣದಿದ್ದರೆ ಅಲ್ಲಿ ಧೂಳಿನ ಕಣವಿರಬಹುದು; ಆಗ ಲೆಕ್ಕ ಸಿಗುವುದು ಕೂದಲಿನ ಪೂರ್ಣ ದಪ್ಪಕ್ಕಲ್ಲ, ಧೂಳಿನ ದಪ್ಪವನ್ನು ಕಳೆದ ಉಳಿಕೆಗೆ. ಗೆರೆಗಳು ಓರೆಯಾದರೆ ಕೂದಲು ಓರೆಯಾಗಿದೆ. ಬಾಗಿದರೆ ಗಾಜೇ ಸಮತಟ್ಟಾಗಿಲ್ಲ.

ಈ ಕೊನೆಯ ದೋಷವೇ ಯಂತ್ರೋಪಕರಣಗಳ ಲೋಕದಲ್ಲಿ ಉಪಯೋಗಕ್ಕೆ ಬಂದಿತು. ಗೇಜುಗಳ ಮೇಲೆ 'ಆಪ್ಟಿಕಲ್ ಫ್ಲ್ಯಾಟ್' ಇಟ್ಟು, ಗೆರೆ ಎಷ್ಟು ಬಾಗಿದೆಯೆಂದು ನೋಡಿ ಮೇಲ್ಮೈಯ ಉಬ್ಬುತಗ್ಗು ತಿಳಿಯುತ್ತಾರೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್‌ಗಳನ್ನು ಮಾಡುತ್ತಿದ್ದರು. ಅಲ್ಲಿದ್ದ ನಮ್ಮ ಸೋದರಮಾವ ನನ್ನ ಕೂದಲನ್ನು ಮೈಕ್ರೋಮೀಟರಿನಲ್ಲಿ ಹಿಡಿದು, "ಆರು-ಏಳರ ನಡುವೆ ಬಂತಪ್ಪಾ" ಎಂದಿದ್ದರು, ಅಂದರೆ ಮಿ.ಮೀ.ನ ನೂರನೆಯ ಭಾಗಗಳಲ್ಲಿ. ಕೂದಲಿನ ಅಡ್ಡಸೀಳು ಹಲವೊಮ್ಮೆ ಅಂಡಾಕಾರ. ಎರಡು ಗಾಜಿನ ನಡುವೆ ಅದು ಸಾಮಾನ್ಯವಾಗಿ ಅಗಲವಾದ ಬದಿಯ ಮೇಲೆ ಮಲಗುತ್ತದೆ. ಹಾಗಾಗಿ ನಮ್ಮ ಗೆರೆಗಳು ಹೇಳುವುದು ಅದರ ಕಿರಿಯ ದಪ್ಪವನ್ನು.