ಬೂದು ಚೌಕದ ಅಂಚು ಮತ್ತು ಒಡಲು: ಏಕಕಾಲಿಕ ವೈದೃಶ್ಯದ ಬಗ್ಗೆ ಒಂದು ಟಿಪ್ಪಣಿ

ಒಂದೇ ಬೂದು ಹಾಳೆಯಿಂದ ಕತ್ತರಿಸಿದ ಎರಡು ಚೌಕಗಳಲ್ಲಿ ಒಂದನ್ನು ಕಪ್ಪು ಹಾಳೆಯ ಮೇಲೂ ಇನ್ನೊಂದನ್ನು ಬಿಳಿ ಹಾಳೆಯ ಮೇಲೂ ಇಟ್ಟರೆ ಮೊದಲನೆಯದು ತಿಳಿಯಾಗಿ, ಎರಡನೆಯದು ಗಾಢವಾಗಿ ಕಾಣುತ್ತದೆ. ಇದನ್ನು ಏಕಕಾಲಿಕ ವೈದೃಶ್ಯ ಎನ್ನುತ್ತಾರೆ. ಇದಕ್ಕೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ ಸಾಲಿನದು: ಕಣ್ಣಿನ ನರಕೋಶಗಳು ಅಕ್ಕಪಕ್ಕದ ಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತವೆ. ಆ ಕಾರಣ ಸುಳ್ಳಲ್ಲ. ಆದರೆ ಅದು ಚೌಕದ ಅಂಚಿಗೆ ಸಲ್ಲುವಷ್ಟು ಒಡಲಿಗೆ ಸಲ್ಲುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ.

ಈ ವಿದ್ಯಮಾನವನ್ನು ಮೊದಲು ಕ್ರಮಬದ್ಧವಾಗಿ ಅಭ್ಯಸಿಸಿದವನು ಫ್ರೆಂಚ್ ರಸಾಯನವಿಜ್ಞಾನಿ ಮಿಷೆಲ್ ಷೆವ್ರೊಲ್. 1824ರಲ್ಲಿ ಅವನು ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ಹೊಣೆ ಹೊತ್ತ. ನೀಲಿ ಮತ್ತು ನೇರಳೆ ಬಟ್ಟೆಯ ಮಡಿಕೆಗಳಲ್ಲಿ ನೆರಳಿಗಾಗಿ ಬಳಸಿದ ಕಪ್ಪು ನೂಲು ಸತ್ವಹೀನವಾಗಿ ಕಾಣುತ್ತದೆ ಎಂಬ ದೂರು ಅವನ ಮುಂದೆ ಬಂತು. ಬೇರೆ ಕಡೆ ತಯಾರಾದ ಕಪ್ಪು ಉಣ್ಣೆಯನ್ನು ತರಿಸಿ ಹೋಲಿಸಿ ನೋಡಿದಾಗ ಬಣ್ಣದಲ್ಲಿ ಯಾವ ದೋಷವೂ ಸಿಗಲಿಲ್ಲ. ದೋಷವಿದ್ದದ್ದು ಕಪ್ಪಿನ ಪಕ್ಕದಲ್ಲಿದ್ದ ಬಣ್ಣಗಳಿಂದ. 1839ರಲ್ಲಿ ಅವನು ಪ್ರಕಟಿಸಿದ ದೊಡ್ಡ ಗ್ರಂಥ ಹುಟ್ಟಿದ್ದು ಈ ದೂರಿನಿಂದಲೇ.

ಕಾರಣದ ಚರ್ಚೆಗೆ ಮುನ್ನ ಒಂದು ಸಂದೇಹ ಪರಿಹಾರವಾಗಬೇಕು. ಚೌಕಗಳು ನಿಜವಾಗಿಯೂ ಒಂದೇ ಆಗಿವೆಯೇ? ಪರದೆಯ ಮೇಲೆ ಎರಡಕ್ಕೂ `#808080` ಎಂದು ಕೊಟ್ಟ ಮಾತ್ರಕ್ಕೆ ಎರಡರಿಂದಲೂ ಸಮನಾದ ಬೆಳಕು ಬರುತ್ತದೆ ಎನ್ನಲಾಗದು. ಕೆಲವು ಅಗ್ಗದ ಎಲ್‌ಸಿಡಿ ಪರದೆಗಳಲ್ಲಿ ನೋಡುವ ಕೋನ ಬದಲಾದರೆ ಬೆಳಕೂ ಬದಲಾಗುತ್ತದೆ. ಚೌಕಗಳು ಒಂದರ ಕೆಳಗೊಂದು ಇದ್ದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಆದ್ದರಿಂದ ಚೌಕಗಳಿಗಿಂತ ಚಿಕ್ಕದಾದ ಎರಡು ತೂತುಗಳುಳ್ಳ ರಟ್ಟನ್ನು ಮೇಲಿಟ್ಟು ಹಿನ್ನೆಲೆಯನ್ನು ಪೂರ್ತಿ ಮುಚ್ಚಿ ನೋಡಬೇಕು. ಆಗಲೂ ವ್ಯತ್ಯಾಸ ಉಳಿದರೆ ಅದು ಪರದೆಯ ಅಥವಾ ಮುದ್ರಣದ ವ್ಯತ್ಯಾಸ. ಅಳಿದುಹೋದರೆ ಮಾತ್ರ ಅದು ನೋಟದ ವ್ಯತ್ಯಾಸ.

ಕಣ್ಣೊಳಗೆ ಬೆಳಕು ಚದುರುವುದರಿಂದ ಹೀಗಾಗುತ್ತದೆಯೇ ಎಂದೂ ಕೇಳಬಹುದು. ಬಿಳಿ ಹಿನ್ನೆಲೆಯ ಬೆಳಕು ಸ್ವಲ್ಪ ಚದುರಿ ಚೌಕದ ಬಿಂಬದ ಮೇಲೆ ಬೀಳುವುದು ನಿಜ. ಆದರೆ ಹಾಗೆ ಬಿದ್ದ ಬೆಳಕು ಆ ಚೌಕವನ್ನು ಇನ್ನಷ್ಟು ತಿಳಿಯಾಗಿಸಬೇಕು. ನಮಗೆ ಅದು ಗಾಢವಾಗಿ ಕಾಣುತ್ತದೆ. ಎಂದರೆ ಕಣ್ಣಿನ ದೃಗ್ವಿಜ್ಞಾನ ಎಳೆಯುವ ದಿಕ್ಕಿಗೆ ತದ್ವಿರುದ್ಧವಾಗಿ ನರಮಂಡಲ ಎಳೆಯುತ್ತಿದೆ.

ಆ ಎಳೆತದ ಮೊದಲ ಗಟ್ಟಿ ಪುರಾವೆ ದೊರೆತದ್ದು ಕುದುರೆಲಾಳದ ಆಕಾರದ ಲಿಮ್ಯುಲಸ್ ಎಂಬ ಕಡಲಜೀವಿಯ ಕಣ್ಣಿನಲ್ಲಿ. ಅದರ ಕಣ್ಣಿನ ಒಂದು ಘಟಕಕ್ಕೆ ಬೆಳಕು ಬೀರುತ್ತಿರುವಾಗಲೇ ನೆರೆಯ ಘಟಕಗಳಿಗೂ ಬೆಳಕು ಬೀರಿದರೆ ಮೊದಲನೆಯದರ ನರಸ್ಪಂದನ ಇಳಿಯುತ್ತದೆ ಎಂದು ಹಾರ್ಟ್‌ಲೈನ್ ತೋರಿಸಿದ. 1967ರ ನೊಬೆಲ್ ಬಹುಮಾನದಲ್ಲಿ ಅವನಿಗೂ ಪಾಲು ಸಂದಿತು. ಇದೇ ಪಾರ್ಶ್ವ ಪ್ರತಿಬಂಧ. 1953ರಲ್ಲಿ ಕುಫ್ಲರ್ ಬೆಕ್ಕಿನ ಅಕ್ಷಿಪಟದಲ್ಲಿ ಇನ್ನೂ ಸ್ಪಷ್ಟವಾದ ವಿನ್ಯಾಸವನ್ನು ಕಂಡ. ಅಲ್ಲಿನ ಒಂದು ಬಗೆಯ ಗ್ಯಾಂಗ್ಲಿಯನ್ ಕೋಶ ತನ್ನ ನಡುಭಾಗಕ್ಕೆ ಬೆಳಕು ಬಿದ್ದಾಗ ಚುರುಕಾಗುತ್ತದೆ, ಸುತ್ತಲಿನ ಉಂಗುರಕ್ಕೆ ಬೆಳಕು ಬಿದ್ದಾಗ ಮಂಕಾಗುತ್ತದೆ.

ಈ ವಿನ್ಯಾಸವನ್ನು ನಮ್ಮ ಚೌಕಗಳಿಗೆ ಅನ್ವಯಿಸಿ ನೋಡೋಣ. ಕಪ್ಪು ಹಾಳೆ ತನ್ನ ಮೇಲೆ ಬಿದ್ದ ಬೆಳಕಿನ ಶೇ. 4ರಷ್ಟನ್ನು, ಬಿಳಿ ಹಾಳೆ ಶೇ. 88ರಷ್ಟನ್ನು, ಬೂದು ಚೌಕ ಶೇ. 20ರಷ್ಟನ್ನು ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳೋಣ. ಕೋಶದ ಸ್ಪಂದನವೆಂದರೆ ನಡುವಿನ ಬೆಳಕಿನಿಂದ ಸುತ್ತಲಿನ ಸರಾಸರಿ ಬೆಳಕಿನ ಐದನೇ ಒಂದು ಭಾಗವನ್ನು ಕಳೆದಾಗ ಉಳಿಯುವುದು ಎಂದೂ ಭಾವಿಸೋಣ. ಈ ಐದನೇ ಒಂದು ಎಂಬುದು ಲೆಕ್ಕದ ಅನುಕೂಲಕ್ಕೆ ನಾನೇ ಆರಿಸಿದ ಅಂಶ.

ಚೌಕದ ಅಂಚಿನ ಒಳಮಗ್ಗುಲಲ್ಲಿರುವ ಕೋಶದ ಸುತ್ತುಂಗುರದ ಅರ್ಧ ಬೂದಿನ ಮೇಲೆ, ಇನ್ನರ್ಧ ಹಿನ್ನೆಲೆಯ ಮೇಲೆ ಇರುತ್ತದೆ. ಕಪ್ಪಿನ ಕಡೆ ಸರಾಸರಿ 12. ಸ್ಪಂದನ 20 − 2.4, ಎಂದರೆ 17.6. ಬಿಳಿಯ ಕಡೆ ಸರಾಸರಿ 54. ಸ್ಪಂದನ 20 − 10.8, ಎಂದರೆ 9.2. ಭೌತಿಕವಾಗಿ ಒಂದೇ ಆದ ಬೂದು ಇಲ್ಲಿ ದೊಡ್ಡ ಅಂತರದ ಎರಡು ಸಂಕೇತಗಳಾಗಿದೆ. ಇಷ್ಟಕ್ಕೇ ನಿಲ್ಲಿಸಿದರೆ ವಿವರಣೆ ಪೂರ್ಣವಾದಂತೆ ತೋರುತ್ತದೆ.

ಆದರೆ ಚೌಕದ ನಟ್ಟನಡುವೆ ಇರುವ ಕೋಶವನ್ನು ನೋಡಿ. ಅದರ ನಡುಭಾಗವೂ ಸುತ್ತುಂಗುರವೂ ಬೂದಿನ ಮೇಲೆಯೇ ಇವೆ. ಕಪ್ಪಿನ ಮೇಲಿನ ಚೌಕದಲ್ಲೂ ಬಿಳಿಯ ಮೇಲಿನ ಚೌಕದಲ್ಲೂ ಅದರ ಸ್ಪಂದನ 20 − 4, ಎಂದರೆ 16. ಮೂರು ಸೆಂಟಿಮೀಟರ್ ಚೌಕವನ್ನು 57 ಸೆಂಟಿಮೀಟರ್ ದೂರದಿಂದ ನೋಡಿದರೆ ಅದು ಸುಮಾರು ಮೂರು ಡಿಗ್ರಿ ಅಗಲ ಕಾಣುತ್ತದೆ. ನೋಟದ ಕೇಂದ್ರದಲ್ಲಿ ಈ ಕೋಶಗಳ ನಡುಭಾಗಗಳು ಒಂದು ಡಿಗ್ರಿಯ ಚಿಕ್ಕ ಅಂಶದಷ್ಟೇ, ಸುತ್ತುಂಗುರಗಳೂ ಚೌಕಕ್ಕಿಂತ ಚಿಕ್ಕವೇ. ಎಂದರೆ ಚೌಕದ ಬಹುಪಾಲು ಒಡಲಿಗೆ ಹಿನ್ನೆಲೆಯ ಸುದ್ದಿಯೇ ಮುಟ್ಟುವುದಿಲ್ಲ. ಈ ಲೆಕ್ಕ ಸರಿಯಾಗಿದ್ದರೆ ಬಿಳಿಯ ಮೇಲಿನ ಚೌಕ ಅಂಚಿನಲ್ಲಿ ಗಾಢವಾಗಿ ನಡುವೆ ತಿಳಿಯಾಗಿ, ಚೌಕಟ್ಟು ಹಾಕಿದಂತೆ ಕಾಣಬೇಕಿತ್ತು. ನಮಗೆ ಕಾಣುವುದು ಅಂಚಿನಿಂದ ಅಂಚಿಗೆ ಹೆಚ್ಚುಕಡಿಮೆ ಒಂದೇ ಸಮನಾಗಿ ಗಾಢವಾದ ಚೌಕ.

ಈ ಕೊರತೆಯನ್ನು ತುಂಬಲು ಎರಡು ದಾರಿಗಳಿವೆ. ಅಂಚಿನಲ್ಲಿ ಸಿಕ್ಕ ಸಂಕೇತವನ್ನೇ ಮಿದುಳು ಒಳಗೆಲ್ಲ ಹರಡಿ ತುಂಬಿಕೊಳ್ಳುತ್ತದೆ ಎನ್ನುವುದು ಒಂದು. ಚಿಕ್ಕ ಗ್ರಾಹಕ ಕ್ಷೇತ್ರಗಳ ಜೊತೆಗೆ ಇಡೀ ಚೌಕವನ್ನೂ ಅದರ ಸುತ್ತಲನ್ನೂ ಒಟ್ಟಿಗೆ ಆವರಿಸುವ ದೊಡ್ಡ ಕ್ಷೇತ್ರಗಳೂ ಕೆಲಸ ಮಾಡುತ್ತವೆ ಎನ್ನುವುದು ಇನ್ನೊಂದು. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ, ಅದಕ್ಕೆ ಕಾರಣ 1979ರಲ್ಲಿ ಮೈಕೆಲ್ ವೈಟ್ ಪ್ರಕಟಿಸಿದ ಒಂದು ಚಿತ್ರ. ಕಪ್ಪು ಬಿಳಿ ಪಟ್ಟೆಗಳ ಸಾಲಿನಲ್ಲಿ ಕೆಲವು ಕಪ್ಪು ಪಟ್ಟೆಗಳ ಒಂದು ತುಂಡನ್ನು ಬೂದಾಗಿಸಬೇಕು. ಹಾಗೆಯೇ ಬೇರೆಡೆ ಕೆಲವು ಬಿಳಿ ಪಟ್ಟೆಗಳ ಒಂದು ತುಂಡನ್ನು ಅದೇ ಬೂದಾಗಿಸಬೇಕು. ಕಪ್ಪು ಪಟ್ಟೆಯಲ್ಲಿರುವ ಉದ್ದನೆಯ ಬೂದು ತುಂಡಿನ ಎರಡೂ ಪಕ್ಕ ಬಿಳಿಯೇ ಇರುವುದರಿಂದ ಅದರ ಗಡಿಯ ಹೆಚ್ಚು ಪಾಲು ಬಿಳಿಗೆ ತಾಗುತ್ತದೆ. ಅಂಚಿನ ವೈದೃಶ್ಯವೇ ತೀರ್ಮಾನಿಸುವುದಾದರೆ ಅದು ಗಾಢವಾಗಿ ಕಾಣಬೇಕು. ಅದು ತಿಳಿಯಾಗಿ ಕಾಣುತ್ತದೆ, ಅದೂ ನಿಸ್ಸಂದೇಹವಾಗಿ. ಅಂಚಿನ ಸಂಕೇತವನ್ನು ಸುಮ್ಮನೆ ಒಳಗೆ ಹರಡಿದರೆ ಉತ್ತರ ತಪ್ಪುತ್ತದೆ. ಬೇರೆ ಬೇರೆ ಗಾತ್ರ ಮತ್ತು ದಿಕ್ಕಿನ ಶೋಧಕಗಳನ್ನು ಒಟ್ಟುಗೂಡಿಸುವ, 1999ರಲ್ಲಿ ಬ್ಲೇಕ್ಸ್ಲಿ ಮತ್ತು ಮೆಕೋರ್ಟ್ ಮಂಡಿಸಿದ ಮಾದರಿ ಹಳೆಯ ಚೌಕವನ್ನೂ ವೈಟ್ ಚಿತ್ರವನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುತ್ತದೆ.

ಇವೆಲ್ಲ ಕಲಿತ ಊಹೆಯ ಫಲವಿರಬಹುದೇ? ಹೆಲ್ಮ್‌ಹೋಲ್ಟ್ಸ್ ಹಾಗೆಯೇ ನಂಬಿದ್ದ: ಇದು ನಮಗರಿವಿಲ್ಲದೆ ಮಾಡುವ ತೀರ್ಪಿನ ಫಲ ಎಂದು. ಅವನ ಸಮಕಾಲೀನ ಹೆರಿಂಗ್ ಅದನ್ನು ಒಪ್ಪದೆ ನರಗಳ ಪರಸ್ಪರ ಕ್ರಿಯೆಯನ್ನು ಮುಂದಿಟ್ಟ. ಈ ಹಳೆಯ ಜಗಳಕ್ಕೆ ಉತ್ತರ ಭಾರತದ ಮಕ್ಕಳಿಂದ ಮುಖ್ಯವಾದ ಸಾಕ್ಷ್ಯ ಸಿಕ್ಕಿದೆ. ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಕವಿದಿದ್ದು, ವರ್ಷಗಳ ನಂತರ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆಯುವ ಮಕ್ಕಳ ನಡುವೆ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಕೆಲಸ ಮಾಡುತ್ತದೆ. ಅವರ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಟ ದೊರೆತ ಕೂಡಲೇ ಈ ಮಕ್ಕಳಿಗೂ ಗಾಢ ಹಿನ್ನೆಲೆಯ ಬೂದು ಹೆಚ್ಚು ತಿಳಿಯಾಗಿ ಕಂಡಿತು. ಬೆಳಕು ನೆರಳುಗಳ ಲೋಕಾನುಭವ ಕೂಡಿಬರುವ ಮುಂಚೆಯೇ ಈ ಪರಿಣಾಮ ಅಲ್ಲಿತ್ತು.

ಇದರಿಂದ ಹೆರಿಂಗನ ಪಕ್ಷ ಬಲಗೊಂಡಿತು, ಆದರೆ ಪೂರ್ತಿ ಗೆಲ್ಲಲಿಲ್ಲ. ಅರ್ಧ ಕಪ್ಪು, ಅರ್ಧ ಬಿಳಿ ಹಿನ್ನೆಲೆಯ ಮೇಲೆ ಒಂದು ಬೂದು ಉಂಗುರವನ್ನಿಟ್ಟರೆ ಅದು ಬಹುಮಟ್ಟಿಗೆ ಒಂದೇ ಬಣ್ಣವಾಗಿ ಕಾಣುತ್ತದೆ. ಕಪ್ಪು ಬಿಳಿ ಕೂಡುವಲ್ಲಿ ಉಂಗುರದ ಮೇಲೆ ಒಂದು ತೆಳುವಾದ ಗೆರೆ ಎಳೆದ ಕೂಡಲೇ ಎರಡು ಅರ್ಧಗಳು ಬೇರೆ ಬೇರೆ ಬೂದಾಗಿಬಿಡುತ್ತವೆ. ಕಾಫ್ಕಾ ಉಂಗುರ ಎಂದು ಹೆಸರಾದ ಈ ಪ್ರಯೋಗದಲ್ಲಿ ಗೆರೆ ತರುವ ಬೆಳಕಿನ ಬದಲಾವಣೆ ತೀರಾ ಅಲ್ಪ. ಬದಲಾಗುವುದು ಯಾವ ಭಾಗ ಯಾವುದರ ಜೊತೆಗೆ ಸೇರಿದೆ ಎಂಬ ಗುಂಪುಗೂಡಿಕೆ. ಬೆಳಕಿನ ಮೊತ್ತವನ್ನಷ್ಟೇ ತೂಗುವ ಶೋಧಕಗಳ ಲೆಕ್ಕದಲ್ಲಿ ಆ ಗುಂಪುಗೂಡಿಕೆಗೆ ಸ್ಥಳವಿಲ್ಲ.